ಗಾಣದ ಮನೆಯ ಒಪ್ಪಿಗೆ

ನೆಲಮಂಗಲದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಸಣ್ಣ ವ್ಯಾಪಾರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಬೇರೆಯವರು ಮಾಡಿಕೊಟ್ಟು ಕೈಬಿಟ್ಟದ್ದನ್ನು ಎತ್ತಿಕೊಂಡು ನಡೆಸುವುದೇ ಹೆಚ್ಚು. ಕೆಲಸದಲ್ಲಿ ನಾನೊಬ್ಬಳೇ. ಹಾಗಾಗಿ ಹೊಸ ಗಿರಾಕಿ ಬಂದಾಗ ಮೂರು ಸಂಗತಿ ಇತ್ಯರ್ಥವಾಗದೆ ಏನನ್ನೂ ಮುಟ್ಟುವುದಿಲ್ಲ. ಮೊದಲು ಕೆಲವು ಪ್ರಶ್ನೆಗಳು: ಏನು ಮಾರುತ್ತೀರಿ, ಯಾರಿಗೆ, ಏನಾದರೆ ಈ ಕೆಲಸ ಗೆದ್ದಿತು ಅಂದುಕೊಳ್ಳುತ್ತೀರಿ, ಕೊನೆಯ ಮಾತು ಯಾರದು. ಆಮೇಲೆ ಯಾವ ಖಾತೆ ಯಾರ ಕೈಯಲ್ಲಿದೆ ಎನ್ನುವ ಪಟ್ಟಿ. ಕೊನೆಗೆ ಮಾತಿನ ಕಟ್ಟುಪಾಡು: ಯಾರು ಯಾರಿಗೆ ಹೇಳಬೇಕು, ಎಲ್ಲಿ ಹೇಳಬೇಕು, ಎಷ್ಟು ಹೊತ್ತಿಗೆ ಉತ್ತರ ಸಿಗುತ್ತದೆ, ಒಪ್ಪಿಗೆ ಅಂದರೆ ಯಾವುದು. ಇಷ್ಟನ್ನು ಮೊದಲೇ ಮಾತಾಡಿಕೊಂಡರೆ ಮುಂದೆ ಜಗಳವಿರುವುದಿಲ್ಲ ಎಂದು ಪೆಟ್ಟು ತಿಂದು ಕಲಿತಿದ್ದೆ.

ಗಾಣದ ಮನೆಯ ಅಕ್ಕ ಮೊದಲು ಫೋನ್ ಮಾಡಿದಾಗ ಹಿಂದೆ ಮೋಟಾರಿನ ಸದ್ದಿತ್ತು. ತ್ಯಾಮಗೊಂಡ್ಲಿನ ಆಚೆ ರಸ್ತೆ ಬದಿಯಲ್ಲೇ ಮನೆ, ಮನೆ ಮುಂದೆ ಮರದ ಗಾಣ. ಕಡಲೆಕಾಯಿ, ಕೊಬ್ಬರಿ, ಎಳ್ಳು ಮೂರರ ಎಣ್ಣೆಯನ್ನೂ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ವೆಬ್‌ಸೈಟ್ ಇದೆ, ಅದರ ಮೇಲೇ ಆರ್ಡರ್ ಬರುತ್ತಿತ್ತು, ಈಚೆಗೆ ಸರಿಯಾಗಿ ಬರುತ್ತಿಲ್ಲ.

"ಪ್ರಶ್ನೆ ಎಲ್ಲ ಫೋನಿಗೆ ಕಳಿಸ್ತೀನಿ ಅಕ್ಕ, ನೋಡ್ಕೊಂಡಿರಿ" ಎಂದೆ.

"ನಂಗೆ ಅದೆಲ್ಲ ತಿಳಿಯಲ್ಲ ಮೇಡಂ. ಎಲ್ಲ ನಮ್ಮೆಜಮಾನ್ರಿಗೇ ಗೊತ್ತಿರೋದು. ನೀವು ಬಂದ್ಬಿಡಿ, ಇಲ್ಲೇ ಇರ್ತಾರೆ."

ಹೋದೆ. ಅಕ್ಕನ ಯಜಮಾನರು, ಅಣ್ಣ, ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ನೀರು ಹಾಕಿ ಬಾಚಿದ ತಲೆ. ನನಗಾಗಿ ತಯಾರಾಗಿ ಕೂತಿದ್ದಾರೆಂದು ನೋಡಿದರೇ ತಿಳಿಯುತ್ತಿತ್ತು. ಎದುರಿಗೆ ಇನ್ನೊಂದು ಕುರ್ಚಿ ಹಾಕಿಟ್ಟಿದ್ದರು. ನಮಸ್ಕಾರ ಮಾಡಿ ಲ್ಯಾಪ್‌ಟಾಪ್ ತೆಗೆದು ಮೊದಲ ಪ್ರಶ್ನೆಯನ್ನೇ ಕೇಳಿದೆ. "ಯಾವ ಎಣ್ಣೆ ಹೆಚ್ಚು ಹೋಗತ್ತೆ ಅಣ್ಣ?"

ಅವರು ಮುಂದಕ್ಕೆ ಬಾಗಿ, ನಾನು ಹೇಳಿದ ಪ್ರತಿ ಶಬ್ದವನ್ನೂ ಹಿಡಿದುಕೊಳ್ಳುವವರಂತೆ ಕೇಳಿ, "ಆಯ್ತು" ಎಂದರು.

ತಪ್ಪು ಕೇಳಿಸಿರಬೇಕೆಂದು ನಾನು ನಕ್ಕು ಮತ್ತೆ ಕೇಳಿದೆ.

"ಆಯ್ತು, ಆಯ್ತು, ಆಯ್ತು." ಈ ಸಲ ವಿವರಿಸುವ ದನಿ. ಏರಿಳಿತವೆಲ್ಲ ಸರಿಯಾಗಿತ್ತು, ಮಧ್ಯೆ ಒಂದು ಅಲ್ಪವಿರಾಮ ಕೂಡ. ಮಾತು ಮಾತ್ರ ಒಂದೇ. ಆಗ ಅವರ ಬಲಗೈ ಕಣ್ಣಿಗೆ ಬಿತ್ತು. ಯಾರೋ ತಂದು ತೊಡೆಯ ಮೇಲೆ ಇಟ್ಟುಹೋದ ಹಾಗಿತ್ತು.

ಅಷ್ಟರಲ್ಲಿ ಅಕ್ಕ ಮೋಟಾರು ನಿಲ್ಲಿಸಿ, ಎಣ್ಣೆಗೈಯನ್ನು ಗೋಣಿತಾಟಿಗೆ ಒರೆಸಿಕೊಳ್ಳುತ್ತ ಬಂದರು. "ಲಕ್ವ ಹೊಡೀತು ಮೇಡಂ. ತಲೇಲಿ ರಕ್ತ ಕಟ್ಕೊಂಡಿತ್ತಂತೆ. ಕಾಲು ಸ್ವಲ್ಪ ಬಂತು, ಕೈ ಬರ್ಲಿಲ್ಲ. ಮಾತು ಇದೊಂದೇ ಉಳ್ಕೊಂಡಿರೋದು." ಸ್ವಲ್ಪ ತಡೆದು, "ಫೋನಲ್ಲೇ ಹೇಳ್ಬೇಕಿತ್ತು. ಹೇಳಿದ್ರೆ ನೀವೂ ಬರಲ್ವೇನೋ ಅಂತ ಸುಮ್ಕಾದೆ" ಎಂದರು.

ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ. ಇನ್ನೂ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಎದ್ದು ಬರುವುದು ಹೇಗೆಂದು ತಿಳಿಯದೆ ಮುಂದುವರಿಸಿದೆ. ಈಗ ಇಬ್ಬರನ್ನೂ ನೋಡಿಕೊಂಡು ಕೇಳುತ್ತಿದ್ದೆ. ವ್ಯಾಪಾರದ ಮಾತಿಗೆಲ್ಲ ಅಕ್ಕನ ಹತ್ತಿರ ತಡವಿಲ್ಲದ ಉತ್ತರವಿತ್ತು. ಕಡಲೆಕಾಯಿ ಎಣ್ಣೆಯೇ ಹೆಚ್ಚು. ಕೊಳ್ಳುವವರು ಅಪಾರ್ಟ್‌ಮೆಂಟಿನವರು, ಅದರಲ್ಲೂ ಎಳೆಮಕ್ಕಳ ಮನೆಯವರು. ತೆಗೆದ ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸುತ್ತಾರೆ, ಹಿಂಡಿ ದನದವರು ಬಂದು ಒಯ್ಯುತ್ತಾರೆ.

"ಏನಾದ್ರೆ ಈ ಕೆಲಸ ಗೆದ್ದಂಗೆ ಅಕ್ಕ?"

"ಗಾಣ ದಿನಾ ಆಡ್ಬೇಕು, ಅಷ್ಟೆ. ಈಗ ವಾರಕ್ಕೆ ಮೂರು ದಿನ ಆಡಿದ್ರೆ ಹೆಚ್ಚು."

ಅಣ್ಣ ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿದರು. "ಆಯ್ತು!"

ಅದು ಜಗಳದ 'ಆಯ್ತು'. ಅಕ್ಕ ಹೇಳಿದ್ದು ಸರಿಯಿಲ್ಲ ಅನ್ನುತ್ತಿದ್ದರೋ, ಅದನ್ನೇ ಒತ್ತಿ ಹೇಳುತ್ತಿದ್ದರೋ. "ನಿಮ್ಮ ಯೋಚನೆ ಬೇರೆ ಇದ್ಯಾ ಅಣ್ಣ?" ಎಂದೆ. ತಲೆಯಾಡಿಸಿದರು. "ಅಕ್ಕ ಹೇಳಿದ್ದೇ ಸರೀನಾ?" ಅದಕ್ಕೂ ಹಾಗೇ ತಲೆಯಾಡಿಸಿದರು, ಆಮೇಲೆ ತಮ್ಮ ತಲೆಯ ಮೇಲೆ ತಮಗೇ ಸಿಟ್ಟು ಬಂದವರಂತೆ ಕಣ್ಣು ಮುಚ್ಚಿಕೊಂಡರು.

"ಹೌದು ಅನ್ನೋಕೂ ಅದೇ, ಬೇಡ ಅನ್ನೋಕೂ ಅದೇ" ಎಂದರು ಅಕ್ಕ. "ನಾವು ಹೇಳೋದು ಬಹಳಷ್ಟು ತಿಳಿಯತ್ತೆ, ಉತ್ತರ ಬರೋವಾಗ ತಿರುಗಿಬೀಳತ್ತೆ ಅಂತ ಡಾಕ್ಟ್ರು ಹೇಳವ್ರೆ. ಬರೆಯೋಕೆ ಕೊಟ್ರೆ ಎಡಗೈಲಿ ಬರೀ ಗೀಟು ಎಳೀತಾರೆ."

ಕೊನೆಯ ಮಾತು ಯಾರದು ಎನ್ನುವ ಪ್ರಶ್ನೆ ಬಂದಾಗ ಅಕ್ಕ ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು. "ಅವ್ರದೇ ಅಂತ ಬರ್ಕೊಳಿ" ಎಂದರು. ಹಾಗೇ ಬರೆದುಕೊಂಡೆ.

ಆಮೇಲೆ ಖಾತೆಗಳ ಪಟ್ಟಿ. ನಾನು ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಖಾತೆಯ ಯಜಮಾನರೇ ಒಳಗೆ ಹೋಗಿ ನನ್ನನ್ನು ಕೆಲಸಗಾರ್ತಿಯಾಗಿ ಸೇರಿಸಬೇಕು, ಬೇಡವೆನಿಸಿದ ದಿನ ಅವರೇ ತೆಗೆಯಬೇಕು. ಆಸ್ತಿ ಅವರದೇ ಆಗಿರುತ್ತದೆ. ಇದನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತ ಬಂದವಳು ಆ ಜಗುಲಿಯ ಮೇಲೂ ಹೇಳಿದೆ. ವೆಬ್‌ಸೈಟಿನ ವಿಳಾಸ ಯಾರ ಹೆಸರಲ್ಲಿದೆ? ಅಣ್ಣನ ಇ-ಮೇಲಿನಲ್ಲಿ. ವೆಬ್‌ಸೈಟಿನ ಒಳಗೆ ಹೋಗುವುದು? ಅಣ್ಣ. ಇಂಟರ್ನೆಟ್ ನಕ್ಷೆಯಲ್ಲಿ ಕಾಣುವ ಗಾಣದ ಪುಟ? ಅಣ್ಣ. ಗಿರಾಕಿಗಳು ಹಣ ಕಟ್ಟುವ ವ್ಯವಸ್ಥೆ? ಅದೂ ಅಣ್ಣ. ಪ್ರತಿ ಸಲ ಅಕ್ಕ ಅವರ ಕಡೆ ಕೈತೋರಿಸುತ್ತಿದ್ದರು, ಅವರು "ಆಯ್ತು" ಎನ್ನುತ್ತಿದ್ದರು. ಅಷ್ಟೂ ಬೀಗದ ಕೈಗಳು ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಕೂತಿದ್ದವು.

"ಫೋನು?" ಎಂದೆ.

ಅಕ್ಕ ಒಳಗಿಂದ ತಂದರು. ಆಸ್ಪತ್ರೆಯಿಂದ ಬಂದಮೇಲೂ ಬಹಳ ದಿನ ಅದು ನಡೆಯುತ್ತಿತ್ತಂತೆ. ಅಣ್ಣನ ಬಲಗೈಯ ಹೆಬ್ಬೆರಳನ್ನು ಅಕ್ಕ ತಾವೇ ಹಿಡಿದು ಫೋನಿಗೆ ಒತ್ತುತ್ತಿದ್ದರು, ತೆರೆದುಕೊಳ್ಳುತ್ತಿತ್ತು. ಜೀವವಿಲ್ಲದ ಬೆರಳಾದರೂ ಗುರುತು ಅದೇ ತಾನೆ. ಒಂದು ಸಲ ಕರೆಂಟು ಹೋಗಿ ಚಾರ್ಜು ಪೂರ್ತಿ ಇಳಿದು ಫೋನು ಆರಿಹೋಯಿತು. ಮತ್ತೆ ಹಾಕಿದಾಗ ಬೆರಳನ್ನು ಒಪ್ಪಲಿಲ್ಲ. ಚುಕ್ಕಿಗಳನ್ನು ಜೋಡಿಸುವ ಗೆರೆ ಎಳೆ ಎಂದಿತು. ಆರಿ ಹತ್ತಿದ ಫೋನಿನ ಲಕ್ಷಣವೇ ಅದು. ಆ ಗೆರೆ ಅಕ್ಕನಿಗೆ ಗೊತ್ತಿರಲಿಲ್ಲ.

"ಅಣ್ಣ, ನೀವೇ ಎಳೀತೀರಾ?"

ಫೋನನ್ನು ಅವರ ತೊಡೆಯ ಮೇಲಿಟ್ಟೆ. ಅವರು ಎಡಗೈಯ ತೋರುಬೆರಳನ್ನು ಒಂದು ಚುಕ್ಕಿಯ ಮೇಲಿಟ್ಟು ಕೆಳಕ್ಕೆ, ಪಕ್ಕಕ್ಕೆ, ಆಮೇಲೆ ಅಡ್ಡಕ್ಕೆ ಎಳೆದರು. ತಪ್ಪು. ಮತ್ತೆ ಎಳೆದರು. ತಪ್ಪು. ಎಷ್ಟೋ ವರ್ಷ ಬಲ ಹೆಬ್ಬೆರಳಿನಲ್ಲಿ ನೋಡದೆಯೇ ಎಳೆದ ಗೆರೆಯನ್ನು ಎಡಗೈ ಹುಡುಕುತ್ತಿತ್ತು. ಮೂರನೆಯ ಸಲಕ್ಕೆ ಅವರು ಎಡಗೈಯಿಂದ ತಮ್ಮ ಬಲಗೈಯನ್ನೇ ಎತ್ತಿ ಫೋನಿನ ಮೇಲೆ ಹಾಕಿಕೊಂಡರು. ಹೆಬ್ಬೆರಳು ಗಾಜಿನ ಮೇಲೆ ಮಲಗಿತು. ಅದನ್ನು ಎಳೆದೊಯ್ಯಲು ನೋಡಿದರು, ಜಾರಿ ಕೆಳಗೆ ಬಿತ್ತು. ಇನ್ನೂ ಎರಡು ಸಲ ತಪ್ಪಾದಮೇಲೆ ಫೋನು ಸ್ವಲ್ಪ ಹೊತ್ತು ಕಾಯಿರಿ ಎಂದಿತು. ಹೀಗೇ ತಪ್ಪುತ್ತ ಹೋದರೆ ಕಾಯುವ ಹೊತ್ತು ಬೆಳೆಯುತ್ತ ಹೋಗುತ್ತದೆ, ಕೆಲವು ಫೋನುಗಳಲ್ಲಿ ಒಳಗಿರುವುದೆಲ್ಲ ಅಳಿಸಿಯೂ ಹೋಗಬಹುದು. ಅದನ್ನು ನಾನೇ ಹೇಳಬೇಕಾಯಿತು. ಅವರ ಮುಂದಿನಿಂದ ಫೋನನ್ನು ಎತ್ತಿಕೊಂಡೆ. ಮಗುವಿನ ಕೈಯಿಂದ ಆಟದ ಸಾಮಾನು ಕಸಿದ ಹಾಗಿತ್ತು, ಎದುರಿಗಿದ್ದವರೋ ನನ್ನ ತಂದೆಯ ವಯಸ್ಸಿಗೆ ಹತ್ತಿರದವರು.

ಮುಂದಿನ ವಾರ ನನಗೆ ತಿಳಿದ ದಾರಿಗಳನ್ನೆಲ್ಲ ಹಿಡಿದೆ. ಅಕ್ಕನ ತಮ್ಮ ಒಂದು ಹಳೆಯ ಫೋನು ಕೊಟ್ಟಿದ್ದ. ಅಣ್ಣನ ಸಿಮ್ ತೆಗೆದು ಅದಕ್ಕೆ ಹಾಕಿದೆವು. ನಂಬರು ಬದುಕಿತ್ತು, ಓಟಿಪಿ ಬರುತ್ತಿತ್ತು. ಆ ಸಂಜೆ ಅಕ್ಕ ಬಹಳ ಗೆಲುವಾಗಿದ್ದರು, ನನಗೂ ಇನ್ನೇನು ಸಿಕ್ಕಿತು ಅನ್ನಿಸಿತ್ತು. ಆದರೆ ಇ-ಮೇಲಿಗೆ ಓಟಿಪಿ ಒಂದೇ ಸಾಲಲಿಲ್ಲ. ನಿಮ್ಮ ಫೋನಿನ ಪರದೆಯ ಮೇಲೆ ಬಂದಿರುವ 'ಹೌದು' ಒತ್ತಿ ಎಂದಿತು. ಆ ಪರದೆ ಗೆರೆಯ ಹಿಂದೆ ಬೀಗ ಹಾಕಿಕೊಂಡಿತ್ತು. ಬೇರೆ ದಾರಿ ಕೊಡು ಎಂದರೆ ಕೊನೆಗೆ, ಇದು ನೀವೇ ಎಂದು ನಮಗೆ ಖಾತ್ರಿಯಾಗಲಿಲ್ಲ ಎಂದಿತು. ಮನುಷ್ಯರು ಎದುರಿಗೇ ಕೂತಿದ್ದಾರೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ನಕ್ಷೆಯ ಪುಟಕ್ಕೆ ಬೇರೆ ಕ್ರಮವಿತ್ತು. ಅಕ್ಕನ ಇ-ಮೇಲಿನಿಂದ ಇದರ ಯಜಮಾನಿಕೆ ಬೇಕು ಎಂದು ಕೋರಿಕೆ ಹಾಕಬೇಕು. ಈಗಿನ ಯಜಮಾನರಿಗೆ ಪತ್ರ ಹೋಗುತ್ತದೆ. ಅವರು ಕೆಲವು ದಿನ ಉತ್ತರಿಸದಿದ್ದರೆ ಅಂಗಡಿ ತಮ್ಮದೆಂದು ತೋರಿಸಿ ಪಡೆಯಬಹುದು. ಕೋರಿಕೆ ಹಾಕುವ ಮುಂಚೆ ಅಣ್ಣನ ಎದುರು ಕೂತು ನಿಧಾನವಾಗಿ ಹೇಳಿದೆ. "ಅಣ್ಣ, ಗಾಣದ ಪುಟಾನ ಅಕ್ಕನ ಹೆಸರಿಗೆ ಮಾಡ್ತೀವಿ. ನಿಮ್ಮ ಹೆಸರು ಹೋಗತ್ತೆ. ಪರವಾಗಿಲ್ವಾ?"

"ಆಯ್ತು."

ಬೇರೆ ಯಾವ ಮನೆಯಲ್ಲಾದರೂ ಅಷ್ಟು ಸಾಕಿತ್ತು. ಅವರ ಮುಖ ನೋಡಿದೆ. ಕಣ್ಣು ನನ್ನ ಮೇಲೇ ಇತ್ತು. ಅದರಲ್ಲಿ ಒಪ್ಪಿಗೆಯಿತ್ತೋ ಬೇಡಿಕೆಯಿತ್ತೋ ಈಗಲೂ ಹೇಳಲಾರೆ. ಕೋರಿಕೆ ಹಾಕಿದೆವು. ಅದರ ಪತ್ರ ಅವರದೇ ಬೀಗ ಬಿದ್ದ ಇ-ಮೇಲಿಗೆ ಹೋಗಿ ಬಿತ್ತು. ಯಾರೂ ಉತ್ತರಿಸಲಿಲ್ಲ. ಆ ದಿನಗಳು ಕಳೆದಮೇಲೆ ಅಕ್ಕ ಫೋನು ಹಿಡಿದು ರಸ್ತೆ, ಬೋರ್ಡು, ಗಾಣ, ಎಣ್ಣೆಯ ಕೊಳಗಗಳನ್ನು ತೋರಿಸುತ್ತ ನಡೆದು ವಿಡಿಯೋ ಮಾಡಿದರು. ಪುಟ ಸಿಕ್ಕಿತು. ನನ್ನ ಪಟ್ಟಿಯಲ್ಲಿ ಮೊದಲ ಗುರುತು ಬಿದ್ದದ್ದು ಅಲ್ಲಿ.

ಮಾತಿನ ಕಟ್ಟುಪಾಡಿಗೆ ನಾನು ಯಾವಾಗಲೂ ಒಂದು ಗ್ರೂಪ್ ಮಾಡುತ್ತೇನೆ. ನಾನು, ಅಕ್ಕ, ಅಣ್ಣನ ನಂಬರು. ಹೊಸದೇನನ್ನು ಹಾಕುವುದಿದ್ದರೂ ಗ್ರೂಪಿನಲ್ಲಿ ತೋರಿಸುತ್ತೇನೆ, ಕೊನೆಯ ಮಾತಿನವರಿಂದ ಅಲ್ಲೇ ಒಪ್ಪಿಗೆ ಬರಬೇಕು. ಅವಸರವಿದ್ದರೆ ಮಾತ್ರ ಫೋನ್. ಗ್ರೂಪಿನಲ್ಲಿ ಏನೇ ಬಂದರೂ ಮಾರನೆಯ ಕೆಲಸದ ದಿನದೊಳಗೆ ನನ್ನ ಉತ್ತರ. ಅಕ್ಕ ಎಲ್ಲಕ್ಕೂ ಒಪ್ಪಿದರು.

ಎರಡು ದಿನಕ್ಕೆ ಅಣ್ಣನ ನಂಬರಿನಿಂದ ಮೊದಲ ವಾಯ್ಸ್ ಮೆಸೇಜು ಬಂತು. ತಮ್ಮ ಕೊಟ್ಟಿದ್ದ ಹಳೆಯ ಫೋನನ್ನು ಅಕ್ಕ ಅವರ ಪಕ್ಕದಲ್ಲೇ ಇಟ್ಟಿದ್ದರು, ಅವರು ಎಡಗೈ ಹೆಬ್ಬೆರಳಿನಲ್ಲಿ ಮೈಕಿನ ಗುರುತನ್ನು ಒತ್ತುವುದು ಕಲಿತಿದ್ದರು. ಸ್ವಲ್ಪ ಉಸಿರು, ಗಾಣದ ಸದ್ದು, ಆಮೇಲೆ "ಆಯ್ತು". ಆಗಿನ್ನೂ ನಾನು ಏನನ್ನೂ ತೋರಿಸಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಸುಮ್ನೆ ಒತ್ತವ್ರೆ ಬಿಡಿ ಮೇಡಂ" ಎಂದರು.

ಸುಮ್ಮನೆ ಒತ್ತಿದ್ದಲ್ಲ. ದಿನವೂ ಬರತೊಡಗಿತು. ಕೆಲವು ಸಲ ಕೇಳುವ ದನಿ, ಕೆಲವು ಸಲ ರೇಗುವ ದನಿ, ಒಮ್ಮೊಮ್ಮೆ ಯಾರನ್ನೋ ಸಮಾಧಾನ ಮಾಡುವಂತೆ ಮೆತ್ತಗೆ. ನನ್ನ ಕಟ್ಟುಪಾಡಿನ ಪ್ರಕಾರ ಉತ್ತರ ಕೊಡಲೇಬೇಕು. ಏನೆಂದು ಕೊಡುವುದು? 'ಕೇಳಿದೆ ಅಣ್ಣ' ಎಂದು ಬರೆಯುತ್ತಿದ್ದೆ. ಅವರು ಓದಬಲ್ಲರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಹಾಗಾಗಿ ಅದನ್ನೇ ಬಾಯಲ್ಲಿ ಹೇಳಿಯೂ ಕಳಿಸುತ್ತಿದ್ದೆ.

ಈ ನಡುವೆ ವೆಬ್‌ಸೈಟಿನ ವಿಳಾಸದ ಅವಧಿ ಮುಗಿಯುವ ದಿನ ಹತ್ತಿರವಾಗುತ್ತಿತ್ತು. ಅದನ್ನು ಕೊಟ್ಟ ಕಂಪನಿಗೆ ಬರೆದೆ. ನೋಂದಣಿಯಾದ ಇ-ಮೇಲಿನಿಂದ ಬರೆಯಿರಿ ಎಂದರು. ಅದು ಆಗುವುದಿಲ್ಲ, ಕಾರಣ ಹೀಗಿದೆ ಎಂದೆ. ಹಾಗಾದರೆ ನೋಂದಣಿಯಲ್ಲಿರುವ ಹೆಸರಿನ ಗುರುತಿನ ಕಾಗದ ಕಳಿಸಿ ಎಂದರು. ಅಣ್ಣನ ಗುರುತಿನ ಚೀಟಿ ಕಳಿಸಿದೆವು. ಹೆಸರು ಹೊಂದುವುದಿಲ್ಲ ಎಂದು ವಾಪಸು ಬಂತು. ಗಾಣಕ್ಕೆ ಮೊದಲು ಬೇರೆ ಏನೋ ಹೆಸರಿಟ್ಟಿದ್ದರಂತೆ, ಆ ಹೆಸರಿಗೇ ವಿಳಾಸ ಪಡೆದಿದ್ದರು. ಆ ಹೆಸರಿನ ಒಂದು ರಸೀದಿ ಕೂಡ ಮನೆಯಲ್ಲಿ ಸಿಗಲಿಲ್ಲ. ಮತ್ತೆ ಬರೆದೆ, ಮತ್ತೆ ಅದೇ ಉತ್ತರ. ಕೆಳಗೆ ಉತ್ತರಿಸಿದವರ ಹೆಸರು ಬೇರೆ ಬೇರೆ ಇರುತ್ತಿತ್ತು, ಮೇಲಿನ ವಾಕ್ಯ ಬದಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ವೆಬ್‌ಸೈಟ್ ತೆರೆಯಲಿಲ್ಲ.

ಹೊಸ ವಿಳಾಸ ತೆಗೆದುಕೊಳ್ಳುವುದೊಂದೇ ಉಳಿದದ್ದು. ಈ ಸಲ ಅಕ್ಕನ ಹೆಸರಲ್ಲೇ ಮಾಡಿದೆವು, ಹಣ ಕಟ್ಟುವ ವ್ಯವಸ್ಥೆಯನ್ನೂ ಅಕ್ಕನ ಬ್ಯಾಂಕ್ ಖಾತೆಗೆ ಹೊಸದಾಗಿ ಬರೆಸಿದೆವು. ಹಳೆಯ ವಿಳಾಸದ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಪುಟ ಕಟ್ಟಿ, ಗ್ರೂಪಿಗೆ ಹಾಕದೆ ಲ್ಯಾಪ್‌ಟಾಪ್ ಸಮೇತ ಹೋದೆ. ಅಣ್ಣನಿಗೆ ನಾನೇ ತೋರಿಸಬೇಕು ಅನ್ನಿಸಿತ್ತು.

ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮೇಲಿನ ಹೆಸರನ್ನು ಮುಟ್ಟಿದರು, ಸೇರಿಸಿದ ಅಕ್ಷರದ ಹತ್ತಿರ ನಿಲ್ಲಿಸಿದರು. ನನ್ನ ಮುಖ ನೋಡಿದರು. "ಆಯ್ತು" ಎಂದರು, ಆಮೇಲೆ ಇನ್ನೂ ಜೋರಾಗಿ, ಆಮೇಲೆ ಗಂಟಲು ಹರಿಯುವಂತೆ. ಕುರ್ಚಿಯಿಂದ ಏಳಲು ಹೋಗಿ ಆಗದೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರ ಹೆಗಲು ಮಾತ್ರ ನನ್ನ ಕಡೆಗಿತ್ತು. ಅದು ಅಲುಗುತ್ತಿತ್ತು.

ಅಕ್ಕ ನನ್ನನ್ನು ಗಾಣದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮೋಟಾರು ಹಾಕಿದರು. ಹಾಕುವ ಕೆಲಸವೇನೂ ಇರಲಿಲ್ಲ, ಒರಳು ಖಾಲಿಯಿತ್ತು. ನಮ್ಮ ಮಾತು ಜಗುಲಿಗೆ ಕೇಳಬಾರದೆಂದು ಹಾಕಿದ್ದು.

"ಕೊನೆ ಮಾತು ಅವ್ರದು ಅಂತ ಬರ್ದಿದ್ರಲ್ಲ, ಅದನ್ನ ಹೊಡೆದಾಕಿ ನಂದು ಅಂತ ಬರೀರಿ."

"ಅವರಿಗೆ ಬೇಡ ಅನ್ನಿಸಿರಬೋದು ಅಕ್ಕ."

"ಬೇಡ ಅಂದ್ರೆ ಏನ್ ಮಾಡ್ಲಿ ಹೇಳಿ? ಬೇಕು ಅಂದ್ರೆ ತಾನೆ ಏನ್ ಮಾಡ್ಲಿ? ಎರಡಕ್ಕೂ ನಂಗೆ ಕೇಳೋದು ಅದೊಂದೇ ಮಾತು ಕಣಮ್ಮ." ಮೊದಲ ಬಾರಿ ನನ್ನನ್ನು ಮೇಡಂ ಅನ್ನಲಿಲ್ಲ. "ಇಪ್ಪತ್ತೈದು ವರ್ಷ ಏನ್ ಮಾಡುದ್ರೂ ಇವ್ರನ್ನ ಕೇಳೇ ಮಾಡ್ದೋಳು ನಾನು. ಗಾಣ ನಿಂತ್ಹೋದ್ರೆ ಇವ್ರ ಮಾತ್ರೆ ಯಾರು ತರ್ತಾರೆ?"

ಅವರೆದುರೇ ಬದಲಾಯಿಸಿ ಬರೆದೆ. ಕಾಗದದ ಲೆಕ್ಕದಲ್ಲಿ ಅದು ಸರಿಯಾದ ಕೆಲಸವೇ. ತೀರ್ಮಾನ ಮಾಡಬಲ್ಲವರ ಹೆಸರು ಆ ಜಾಗದಲ್ಲಿರಬೇಕು. ಆದರೆ ಜಗುಲಿಗೆ ವಾಪಸು ಬಂದು, ಅವರ ಪಕ್ಕದಿಂದ ನನ್ನ ಚೀಲ ತೆಗೆದುಕೊಳ್ಳುವಾಗ ಅವರ ಕಡೆ ನೋಡಲು ನನಗೆ ಆಗಲಿಲ್ಲ.

ಹೊಸ ವೆಬ್‌ಸೈಟ್ ನಡೆಯಿತು. ಹಳೆಯ ಗಿರಾಕಿಗಳಲ್ಲಿ ಕೆಲವರು ಹುಡುಕಿಕೊಂಡು ಬಂದರು, ಎಷ್ಟೋ ಜನ ಬರಲಿಲ್ಲ. ಗಾಣ ವಾರಕ್ಕೆ ನಾಲ್ಕೈದು ದಿನ ಆಡುತ್ತಿತ್ತು. ನಾನು ಹಾಕುವ ಫೋಟೋಗಳಿಗೆ ಅಕ್ಕ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಅಣ್ಣನನ್ನು ಗ್ರೂಪಿನಿಂದ ತೆಗೆಯಬೇಕೇ ಎಂದು ಅವರು ಒಮ್ಮೆ ಕೇಳಿದರು. ಇರಲಿ ಅಕ್ಕ ಎಂದೆ. ಅವರೂ ಮತ್ತೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಅಣ್ಣನಿಂದ ಹಿಂದೆಂದೂ ಇಲ್ಲದಷ್ಟು ಉದ್ದದ ಮೆಸೇಜು ಬಂತು. ಹತ್ತಾರು 'ಆಯ್ತು'ಗಳು, ನಡುವೆ ನಿಲ್ಲಿಸಿ ಯೋಚಿಸಿದಂಥ ಬಿಡುವು, ಆಮೇಲೆ ಎಣಿಸಿ ಹೇಳುವಂತೆ ಒಂದೊಂದಾಗಿ. ಏನೋ ಒಂದು ಪೂರ್ತಿ ವಿಷಯ. ಆರಂಭ, ಮುಕ್ತಾಯ ಎಲ್ಲ ಇರುವಂಥದ್ದು. ನಾಲ್ಕಾರು ಸಲ ಕೇಳಿ, ತಡೆಯಲಾರದೆ ಸ್ಕೂಟರ್ ಹತ್ತಿದೆ.

ನನ್ನನ್ನು ಕಂಡೊಡನೆ ಅವರು ಕೋಲು ಹಿಡಿದು ಎದ್ದರು. ಕಾಲೆಳೆಯುತ್ತ ಕೊಟ್ಟಿಗೆಗೆ ನಡೆದರು, ನಾವಿಬ್ಬರೂ ಹಿಂದೆ. ಎಡಗೈಯಿಂದ ಕೋಲು ಗೋಡೆಗೊರಗಿಸಿ ಎಣ್ಣೆಯ ಕೊಳಗ ತೋರಿಸಿದರು, ಆಮೇಲೆ ರಸ್ತೆ, ಆಮೇಲೆ ನನ್ನನ್ನು.

"ಎಣ್ಣೆ ಕಳಿಸ್ಬೇಕಾ? ಯಾರಿಗಾದ್ರೂ ಕೊಡ್ಬೇಕಿತ್ತಾ?" ಅಕ್ಕ ಕೇಳಿದರು.

"ಆಯ್ತು."

"ಹಳೇ ಗಿರಾಕಿ ಯಾರಾದ್ರೂ ಬಂದಿದ್ರಾ ಅಣ್ಣ?" ನಾನು.

"ಆಯ್ತು."

"ಕೊಳಗ ತೊಳೆದಿಲ್ಲ ಅಂತನಾ? ಬೋರ್ಡು ಬದಲಾಯಿಸ್ಬೇಕಾ? ಇವ್ರಿಗೆ ಎಣ್ಣೆ ಕೊಟ್ಟು ಕಳಿಸು ಅಂತಿದೀರಾ?" ಅಕ್ಕ ಒಂದೊಂದನ್ನೇ ಹಾಕುತ್ತ ಹೋದರು. ಪ್ರತಿಯೊಂದಕ್ಕೂ ಅದೇ, ಪ್ರತಿ ಸಲವೂ ದನಿ ಸ್ವಲ್ಪ ಕುಗ್ಗುತ್ತ. ಕೊನೆಗೆ ಅವರು ಹಿಂಡಿಯ ಮೂಟೆಯ ಮೇಲೆ ಕೂತುಬಿಟ್ಟರು. ನಮ್ಮಿಬ್ಬರನ್ನೂ ನೋಡಿ ನಕ್ಕರು. ಬಾಯಿಯ ಒಂದು ಬದಿ ಮಾತ್ರ ಮೇಲೇಳುವ ನಗು. ನಮ್ಮ ಮೇಲೆ ಕನಿಕರಪಟ್ಟ ಹಾಗಿತ್ತು. ಅಕ್ಕನೂ ನಕ್ಕರು, ನಗುತ್ತಲೇ ಸೆರಗಿನಲ್ಲಿ ಅವರ ಬಾಯಿಯ ಅಂಚು ಒರೆಸಿದರು.

ನಾನು ಹೊರಟೆ. ಗೇಟಿನವರೆಗೆ ಬಂದ ಅಕ್ಕ, "ಎಳ್ಳೆಣ್ಣೆ ಫೋಟೋ ನಾಳೆ ಕಳಿಸ್ತೀನಿ ಕಣಮ್ಮ, ಬಿಸಿಲು ಚೆನ್ನಾಗಿರೋವಾಗ ತೆಗೀತೀನಿ" ಎಂದರು. ಆಗಲಿ ಅಕ್ಕ ಎಂದೆ.